ಸಾಲಿನ ತಲೆ ನೋಡಿದರೆ ಸಾಕು

ಒಂದು ಜಾಲತಾಣವನ್ನು 16 ಸರ್ವರ್‌ಗಳು ನಡೆಸುತ್ತಿವೆ ಎನ್ನಿ. ಯಾವ ಹೊತ್ತಿಗೆ ಏನು ನಡೆಯಿತೆಂದು ಒಂದೊಂದು ಸರ್ವರ್ರೂ ತನ್ನ ಲಾಗ್ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಕಡತದೊಳಗೆ ಎಲ್ಲವೂ ಸಮಯದ ಕ್ರಮದಲ್ಲೇ ಇರುತ್ತದೆ. ರಾತ್ರಿ ತಾಣ ಕೆಟ್ಟು ನಿಂತಿತೆಂದರೆ ಮಾತ್ರ ಹದಿನಾರನ್ನೂ ಹೆಣೆದು ಒಂದೇ ಕಥೆಯಾಗಿ ಓದಬೇಕಾಗುತ್ತದೆ.

ಎಲ್ಲವನ್ನೂ ಒಂದೆಡೆ ಸುರಿದು ಹೊಸದಾಗಿ ಜೋಡಿಸಬಹುದು. ಆದರೆ ಇದ್ದ ಕ್ರಮವನ್ನು ಕೆಡವಿ ಮತ್ತೆ ಕಟ್ಟಿದಂತಾಯಿತು. ಇನ್ನೂ ಬರೆಯದೆ ಉಳಿದ ಸಾಲುಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದಾದರೊಂದು ಕಡತದ ತಲೆಯಲ್ಲೇ ಇರಲೇಬೇಕು. ಹಾಗಾಗಿ 16 ತಲೆಗಳನ್ನು ನೋಡಿದರೆ ಸಾಕು. ಒಂದು ಸಾಲು ಆರಿಸಲು 15 ಹೋಲಿಕೆ. ಕಡತ 1,024 ಆದರೆ 1,023 ಹೋಲಿಕೆ!

ಇಲ್ಲಿ ನೆರವಿಗೆ ಬರುವುದು ಮಿನ್-ಹೀಪ್. 1964ರಲ್ಲಿ ಜೆ. ಡಬ್ಲ್ಯು. ಜೆ. ವಿಲಿಯಮ್ಸ್ ಪ್ರಕಟಿಸಿದ ಹೀಪ್ ರಚನೆಯ ಒಂದು ಬಗೆ ಇದು. ಮೇಲಿನದು ತನ್ನ ಕೆಳಗಿನ ಎರಡಕ್ಕಿಂತ ದೊಡ್ಡದಾಗಿರಬಾರದು, ನಿಯಮ ಇಷ್ಟೇ. ಅಕ್ಕಪಕ್ಕದವರಲ್ಲಿ ಯಾರು ದೊಡ್ಡವರೆಂಬ ಗೊಡವೆ ಅದಕ್ಕಿಲ್ಲ.

ಮೂರೇ ಕಡತ ಇಟ್ಟುಕೊಂಡು ನೋಡೋಣ. ತಲೆಗಳು 10:02, 10:05, 10:03. ತುದಿಯಲ್ಲಿ 10:02 ಕೂತಿದೆ. ಅದನ್ನು ತೆಗೆದು ಬರೆದೆವು. ಅದು ಬಂದದ್ದು ಮೊದಲ ಕಡತದಿಂದ, ಆದ್ದರಿಂದ ಅದೇ ಕಡತದ ಮುಂದಿನ ಸಾಲು 10:09 ತುದಿಗೆ ಬರುತ್ತದೆ. ಕೆಳಗಿರುವ 10:05, 10:03ರಲ್ಲಿ ಚಿಕ್ಕದು 10:03; ಅದು ಮೇಲೇರುತ್ತದೆ, 10:09 ಕೆಳಗಿಳಿಯುತ್ತದೆ. ಯಾವ ಕಡತದ್ದೆಂಬ ಗುರುತನ್ನು ಸಾಲಿನ ಜೊತೆಗೇ ಇಡದಿದ್ದರೆ ಮುಂದಿನದನ್ನು ಎಲ್ಲಿಂದ ತರಬೇಕೆಂದೇ ತಿಳಿಯದು.

ಒಂದೊಂದು ಮೆಟ್ಟಿಲು ಇಳಿದಾಗಲೂ ಹೀಪ್ ಎರಡರಷ್ಟು ಅಗಲವಾಗುತ್ತದೆ. ಆದ್ದರಿಂದ 16 ತಲೆಗಳಿಗೆ ಹೆಚ್ಚೆಂದರೆ 4 ಮೆಟ್ಟಿಲು, 1,024ಕ್ಕೆ 10. ಒಟ್ಟು ಸಾಲುಗಳು N, ಕಡತಗಳು k ಆದರೆ, N ಸಾಲುಗಳಲ್ಲಿ ಪ್ರತಿಯೊಂದಕ್ಕೂ ಸುಮಾರು log k ಮೆಟ್ಟಿಲಿನ ಕೆಲಸ: O(N log k). (ಈ log ಗಣಿತದ್ದು, ಕಡತದ ಲಾಗ್ ಅಲ್ಲ.) ಹೀಪ್‌ನಲ್ಲಿ ಯಾವಾಗಲೂ ಇರುವುದು ಹೆಚ್ಚೆಂದರೆ k ಸಾಲು ಮಾತ್ರ, N ಕೋಟಿಗಟ್ಟಲೆ ಇದ್ದರೂ.

ಆದರೆ ಒಂದು ಮೆಟ್ಟಿಲಿಗೆ ಎರಡು ಹೋಲಿಕೆ ಬೇಕು: ಕೆಳಗಿನವೆರಡರಲ್ಲಿ ಚಿಕ್ಕದು ಯಾವುದು, ಅದು ಮೇಲಿನದಕ್ಕಿಂತ ಚಿಕ್ಕದೇ. 1,024 ಕಡತಗಳಿದ್ದರೆ 1,023ರ ಜಾಗದಲ್ಲಿ 20 ಹೋಲಿಕೆ ಸಾಕು. ನಾಲ್ಕೇ ಕಡತಗಳಿದ್ದರೆ ಹೀಪ್‌ಗೆ 3 ಬೇಕಾಗಬಹುದು, ಸುಮ್ಮನೆ ನೋಡಿದರೂ 3. ಅಂಥ ಕಡೆ ಹೀಪ್ ಕಟ್ಟುವುದು ನನ್ನ ಮಟ್ಟಿಗೆ ಶೋಕಿ.

ಇನ್ನು, ಕಡತಗಳು ಕ್ರಮದಲ್ಲಿವೆಯೇ ಎಂದು ಹೀಪ್ ಪರೀಕ್ಷಿಸುವುದಿಲ್ಲ, ನಂಬುತ್ತದೆ. 9:58 ಎಂಬುದನ್ನು ಬರೀ ಅಕ್ಷರವೆಂದು ಹೋಲಿಸಿದರೆ ಅದು 10:02ಕ್ಕಿಂತ ದೊಡ್ಡದು, ಏಕೆಂದರೆ 9 ಎಂಬುದು 1ಕ್ಕಿಂತ ದೊಡ್ಡದು. ಆಗ ಹತ್ತು ಗಂಟೆಯ ಸಾಲುಗಳ ನಡುವೆ ಒಂಬತ್ತರವು ನುಸುಳುತ್ತವೆ, ಪ್ರೋಗ್ರಾಂ ಮಾತ್ರ ಯಾವ ದೂರೂ ಇಲ್ಲದೆ ಮುಗಿಯುತ್ತದೆ. ಬರೆಯುವ ಪ್ರತಿ ಸಾಲಿನ ಸಮಯವನ್ನು ಅದರ ಹಿಂದಿನದರೊಂದಿಗೆ ಹೋಲಿಸುತ್ತಾ ಹೋದರೆ ತಪ್ಪು ಅಲ್ಲೇ ಸಿಗುತ್ತದೆ. ಆದರೆ ಈ ಹೋಲಿಕೆ ಅಕ್ಷರದ ಲೆಕ್ಕದಲ್ಲಲ್ಲ, ಗಡಿಯಾರದ ಲೆಕ್ಕದಲ್ಲಿರಬೇಕು. 09:58 ಎಂದು ಮೊದಲೇ ಸೊನ್ನೆ ಇಟ್ಟು ಬರೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.