ಹಿಮ್ಮಡಿ ನೋವು: ಒತ್ತಿ ನೋಡಿದರೆ ಸಿಗುವ ಸುಳಿವು

ಹಿಮ್ಮಡಿ ನೋವಿನ ಮೂಲ ಪತ್ತೆಯಾಗುವುದು ಎರಡು ಪ್ರಶ್ನೆಗಳಿಂದ: ನೋವು ಸರಿಯಾಗಿ ಎಲ್ಲಿದೆ, ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ? ಹಿಮ್ಮಡಿಯ ಅಡಿಯಲ್ಲಿ ಕಾಣುವ ನೋವಿಗೆ ಅತಿ ಸಾಮಾನ್ಯ ಕಾರಣ ಪ್ಲಾಂಟರ್ ಫೇಷಿಯೈಟಿಸ್. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಹಬ್ಬಿ, ಅಂಗಾಲಿನ ಕಮಾನನ್ನು ಹಿಡಿದಿಡುವ ಗಟ್ಟಿ ಪಟ್ಟಿಯೇ ಪ್ಲಾಂಟರ್ ಫೇಷಿಯಾ. ಅದು ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಪದೇಪದೇ ಎಳೆತ ಬಿದ್ದು ಸವೆದಾಗ ನೋವು ಶುರುವಾಗುತ್ತದೆ.

ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತು ದುಡಿಯುವ 45 ವರ್ಷದ ಮಹಿಳೆಗೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಯೇ ಚುಚ್ಚಿದಂತಾಗುತ್ತದೆ ಎಂದುಕೊಳ್ಳೋಣ. ನಾಲ್ಕು ಹೆಜ್ಜೆ ಓಡಾಡಿದ ಮೇಲೆ ನೋವು ತಗ್ಗಿ, ಸಂಜೆಗೆ ಮತ್ತೆ ಏರುತ್ತದೆ. ವೈದ್ಯರು ಕಾಲ್ಬೆರಳುಗಳನ್ನು ಮೇಲಕ್ಕೆ ಬಾಗಿಸಿ ಪಟ್ಟಿಯನ್ನು ಬಿಗಿಗೊಳಿಸಿ, ಹಿಮ್ಮಡಿಯ ಅಡಿಯಲ್ಲಿ ಒಳಮಗ್ಗುಲಿನ ಮುಂತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಅಲ್ಲಿಯೇ ಆಕೆ ಕಾಲು ಎಳೆದುಕೊಳ್ಳುತ್ತಾರೆ. ಬೆರಳು ಬಾಗಿಸಿದಾಗಲೇ ನೋವು ಬಂದರೆ ರೋಗನಿರ್ಣಯಕ್ಕೆ ಬಲ ಬರುತ್ತದೆ. ಬಾರದಿದ್ದರೆ ಕಾಯಿಲೆ ಇಲ್ಲವೆಂದಲ್ಲ. ಇಷ್ಟು ಲಕ್ಷಣಗಳಿದ್ದರೆ ಚಿಕಿತ್ಸೆ ಆರಂಭಿಸಲು ಸ್ಕ್ಯಾನ್ ಬೇಕಿಲ್ಲ.

ಲಕ್ಷಣಗಳು ಬೇರೆಯಾದರೆ ಕಾರಣವೂ ಬೇರೆ. ಓಟವನ್ನು ದಿಢೀರನೆ ಹೆಚ್ಚಿಸಿದವರಲ್ಲಿ ನಡೆದಷ್ಟೂ ನೋವು ಏರುತ್ತಿದ್ದು, ಹಿಮ್ಮಡಿಯನ್ನು ಎರಡೂ ಮಗ್ಗುಲಿನಿಂದ ಅಂಗೈಯಲ್ಲಿ ಹಿಂಡಿದಾಗ ಸಹಿಸಲಾಗದಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಮೂಡಿರಬಹುದು. ಉರಿ, ಜೋಮು ಇದ್ದು, ಒಳಗಣಿಕೆಯ ಹಿಂದೆ ತಟ್ಟಿದಾಗ ಅಂಗಾಲಿಗೆ ಕರೆಂಟ್ ಹೊಡೆದಂತಾದರೆ ನರ ಒತ್ತಿಕೊಂಡಿರುವ ಸಾಧ್ಯತೆಯಿದೆ. ವಯಸ್ಸಾದವರಲ್ಲಿ ನೋವು ಹಿಮ್ಮಡಿಯ ನಟ್ಟನಡುವೆ ಇದ್ದರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗಿರಬಹುದು. ಹಿಮ್ಮಡಿಯ ಹಿಂಭಾಗದ ನೋವು ಸಾಮಾನ್ಯವಾಗಿ ಅಕಿಲಿಸ್ ಸ್ನಾಯುರಜ್ಜುವಿನದು. ಯುವಕರಲ್ಲಿ ಎರಡೂ ಹಿಮ್ಮಡಿ ನೋಯುತ್ತ, ಬೆಳಿಗ್ಗೆ ಸೊಂಟವೂ ಬಹಳ ಹೊತ್ತು ಬಿಗಿಯಾಗಿದ್ದರೆ ಬೆನ್ನುಹುರಿಯ ಮೂಳೆಗಳನ್ನು ಕಾಡುವ ಸಂಧಿವಾತವನ್ನು ಶಂಕಿಸಬೇಕು.

ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳು ಅನೇಕರನ್ನು ಹೆದರಿಸುತ್ತದೆ. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದಿರುತ್ತದೆ. ಮುಳ್ಳು ಕಂಡ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ನೋವು ತಿಂಗಳುಗಟ್ಟಲೆ ಉಳಿದರೆ ಅಥವಾ ಬಿರುಕಿನ ಶಂಕೆಯಿದ್ದರೆ ಮೊದಲು ಎಕ್ಸ್‌ರೇ ತೆಗೆಸುವುದು ರೂಢಿ. ಬಿರುಕು ಬಿಟ್ಟ ಮೊದಲ ಕೆಲವು ವಾರ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದಾದ್ದರಿಂದ ಶಂಕೆ ಬಲವಾಗಿದ್ದರೆ ಎಂಆರ್‌ಐ ಮಾಡಿಸಬೇಕು. ಪಟ್ಟಿಯ ದಪ್ಪ ಅಳೆಯಲು ಅಲ್ಟ್ರಾಸೌಂಡ್ ಸಾಕು: ದಪ್ಪ 4 ಮಿಲಿಮೀಟರ್ ಮೀರಿದ್ದರೆ ಫೇಷಿಯೈಟಿಸ್ ಎನ್ನಲು ಆಧಾರ ಸಿಗುತ್ತದೆ. ಪಟ್ಟಿ ಹರಿದಿದ್ದರೂ ಅದರಲ್ಲಿ ತಿಳಿಯಬಹುದು.

ಮೀನಖಂಡ ಮತ್ತು ಅಂಗಾಲನ್ನು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆಗಳಿಂದ ಹೆಚ್ಚಿನವರ ಫೇಷಿಯೈಟಿಸ್ ಒಂದು ವರ್ಷದೊಳಗೆ ಶಮನವಾಗುತ್ತದೆ. ಆದರೆ ಜ್ವರ, ವಿಶ್ರಾಂತಿಯಲ್ಲೂ ಬಿಡದ ರಾತ್ರಿನೋವು, ಹಠಾತ್ತನೆ ಪಟ್ಟೆಂದ ಅನುಭವ, ಕಾಲೂರಲಾಗದ ಸ್ಥಿತಿ ಇದ್ದರೆ ಕಾಯದೆ ವೈದ್ಯರನ್ನು ಕಾಣಬೇಕು.