ಅಳಿಸಿದ ಮೇಲೂ ತುಂಬಿಯೇ ಇರುವ ಡ್ರೈವ್

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳಲ್ಲಿ ಇಂಥ ಪೇಚು ಸಾಮಾನ್ಯ. 64 ಜಿಬಿಯ ಪೆನ್‌ಡ್ರೈವ್‌ನಲ್ಲಿ 40 ಜಿಬಿಯಷ್ಟು ಹಳೆಯ ವಿಡಿಯೊ ಇದೆ ಎಂದಿಟ್ಟುಕೊಳ್ಳಿ. ಅದನ್ನು ಮ್ಯಾಕ್‌ನಲ್ಲಿ ಅಳಿಸಿ, ಹೊಸ ಗಿರಾಕಿಯ 30 ಜಿಬಿ ವಿಡಿಯೊ ತುಂಬಲು ಹೊರಟರೆ ಜಾಗ ಸಾಲದು ಎಂಬ ಸಂದೇಶ ಬರುತ್ತದೆ. ತೆರೆದು ನೋಡಿದರೆ ಒಳಗೆ ಏನೂ ಕಾಣುವುದಿಲ್ಲ.

ಅಳಿಸಿದ ಕಡತ ಕಂಪ್ಯೂಟರಿನ ಟ್ರ್ಯಾಶ್‌ಗೆ ಹೋಯಿತೆಂದು ಬಹುತೇಕರು ಭಾವಿಸುತ್ತಾರೆ. ಟ್ರ್ಯಾಶ್ ತೆರೆದರೆ ಅದು ಅಲ್ಲಿ ಕಾಣುವುದೂ ನಿಜ. ಆದರೆ ಕಡತ ಇರುವುದು ಪೆನ್‌ಡ್ರೈವ್‌ನಲ್ಲೇ, `.Trashes` ಎಂಬ ಅಡಗಿದ ಫೋಲ್ಡರಿನೊಳಗೆ. ಇದಕ್ಕೆ ಕಾರಣವೂ ಸರಳ. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಕಳಿಸಬೇಕಾದರೆ 40 ಜಿಬಿಯನ್ನೂ ನಕಲು ಮಾಡಬೇಕು. ಅದೇ ಡ್ರೈವ್‌ನೊಳಗಾದರೆ ಕಡತದ ವಿಳಾಸವನ್ನಷ್ಟೇ ಬದಲಿಸಿದರೆ ಸಾಕು, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳು ಇದೇ ಕೆಲಸಕ್ಕೆ `.Trash-1000`ದಂಥ ಫೋಲ್ಡರನ್ನೂ, ವಿಂಡೋಸ್ ಹಾರ್ಡ್‌ಡಿಸ್ಕ್‌ಗಳಲ್ಲಿ `$RECYCLE.BIN` ಅನ್ನೂ ಇಡುತ್ತವೆ.

ಹಾಗಾಗಿ ಪೆನ್‌ಡ್ರೈವ್ ಸಿಕ್ಕಿಸಿರುವಾಗಲೇ ಟ್ರ್ಯಾಶ್ ಖಾಲಿ ಮಾಡಬೇಕು. ಕಿತ್ತ ಮೇಲೆ ಎಷ್ಟು ಸಲ ಖಾಲಿ ಮಾಡಿದರೂ ಅದರೊಳಗಿನ 40 ಜಿಬಿ ಕದಲುವುದಿಲ್ಲ. ಮ್ಯಾಕ್‌ನಲ್ಲಿ ಇನ್ನೊಂದು ಎಚ್ಚರ ಬೇಕು: ಟ್ರ್ಯಾಶ್ ಖಾಲಿ ಮಾಡಿದರೆ ಒಳಗಿನ ಡಿಸ್ಕಿನ ಕಸವೂ ಜೊತೆಗೇ ಹೋಗುತ್ತದೆ. ಬೇಕಾದದ್ದು ಅಲ್ಲಿ ಉಳಿದಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅಡಗಿದ ಫೋಲ್ಡರುಗಳನ್ನು ಕಾಣಲು ಫೈಂಡರ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು ಚುಕ್ಕಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಉಬುಂಟುವಿನಲ್ಲಿ ಕಸ ಎಷ್ಟಿದೆ ಎಂದು ಈ ಒಂದು ಸಾಲು ತೋರಿಸುತ್ತದೆ:

```
du -sh /media/$USER/*/.Trash-*
```

ಡ್ರೈವ್ ಗಿರಾಕಿಯ ಕೈ ಸೇರುವುದಾದರೆ ಇದು ಬರೀ ಜಾಗದ ಮಾತಲ್ಲ. ಅಳಿಸಿದೆವೆಂದು ನಂಬಿದ ಬೇರೆ ಮನೆಯ ವಿಡಿಯೊ ಅದರೊಳಗೇ ಇರುತ್ತದೆ, ಅಡಗಿದ ಫೋಲ್ಡರ್ ತೆರೆಯಬಲ್ಲವರಿಗೆ ಅದು ಸಿಗುತ್ತದೆ.

ಕಚೇರಿಗಳಲ್ಲಿ ಎಲ್ಲರೂ ಹಂಚಿಕೊಂಡು ಬಳಸುವ ನ್ಯಾಸ್ ಪೆಟ್ಟಿಗೆಯಲ್ಲಿ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಅಲ್ಲಿನ ಕಡತ ಅಳಿಸುವಾಗ ವಿಂಡೋಸ್ ‘ಶಾಶ್ವತವಾಗಿ ಅಳಿಸಲೇ?’ ಎಂದು ಕೇಳುತ್ತದೆ. ತನ್ನ ಮಟ್ಟಿಗೆ ಅದು ಹೇಳುವುದು ಸರಿಯೇ, ಏಕೆಂದರೆ ನೆಟ್‌ವರ್ಕ್ ಕಡತಗಳನ್ನು ಅದು ತನ್ನ ರೀಸೈಕಲ್ ಬಿನ್‌ಗೆ ಹಾಕುವುದಿಲ್ಲ. ಆದರೆ ಸೈನಾಲಜಿ ನ್ಯಾಸ್‌ನಲ್ಲಿ ರೀಸೈಕಲ್ ಸೌಲಭ್ಯ ಚಾಲೂ ಇದ್ದರೆ, ಕಡತ ಅದೇ ಹಂಚಿಕೆಯ `#recycle` ಫೋಲ್ಡರಿಗೆ ಹೋಗಿ ಕೂರುತ್ತದೆ. ಆ ಫೋಲ್ಡರನ್ನು ಅಡ್ಮಿನ್ ಮಾತ್ರ ನೋಡುವಂತೆ ಇಟ್ಟಿದ್ದರೆ ಉಳಿದ ಸಿಬ್ಬಂದಿಗೆ ಜಾಗ ಏಕೆ ಖಾಲಿಯಾಗಲಿಲ್ಲವೆಂದು ತಿಳಿಯುವ ದಾರಿಯೇ ಇಲ್ಲ. ಅಡ್ಮಿನ್ ಕಂಟ್ರೋಲ್ ಪ್ಯಾನೆಲ್‌ನಿಂದ ಅದನ್ನು ಖಾಲಿ ಮಾಡಬಹುದು. ಇಂತಿಷ್ಟು ದಿನ ಕಳೆದದ್ದು ತಾನಾಗಿ ಅಳಿಯುವಂತೆಯೂ ಹೊಂದಿಸಬಹುದು.

ಅದನ್ನು ಖಾಲಿ ಮಾಡಿಯೂ ಜಾಗ ಬಿಡುಗಡೆಯಾಗದಿದ್ದರೆ ಸ್ನ್ಯಾಪ್‌ಶಾಟ್‌ಗಳತ್ತ ನೋಡಬೇಕು. ಅಳಿಸುವ ಮೊದಲು ತೆಗೆದ ಸ್ನ್ಯಾಪ್‌ಶಾಟ್ ಹಳೆಯ ದತ್ತಾಂಶವನ್ನು ಹಿಡಿದಿಟ್ಟಿರುತ್ತದೆ. ಆ ಕಡತವನ್ನು ಒಳಗೊಂಡ ಕೊನೆಯ ಸ್ನ್ಯಾಪ್‌ಶಾಟ್‌ನ ಅವಧಿ ಮುಗಿಯುವವರೆಗೆ, ಇಲ್ಲವೇ ಅಡ್ಮಿನ್ ಅದನ್ನು ತೆಗೆಯುವವರೆಗೆ, ಆ ಜಾಗ ಹೊಸ ಕಡತಗಳಿಗೆ ಸಿಗುವುದಿಲ್ಲ.