ಸಾಲಕ್ಕೆ ಬಾಂಡ್ ಭದ್ರತೆ: ಹಕ್ಕು ವರ್ಗಾವಣೆಯ ಪತ್ರವನ್ನು ಬೋಧಿಸುವ ಬಗೆ

ವಾಣಿಜ್ಯ ಪತ್ರಗಳ ಘಟಕದಲ್ಲಿ ವಿಚಾರಣೆ, ಆದೇಶ ಮತ್ತು ದೂರಿನ ಪತ್ರಗಳನ್ನು ಪ್ರಶಿಕ್ಷಣಾರ್ಥಿಗಳು ಸರಾಗವಾಗಿ ಬೋಧಿಸುತ್ತಾರೆ. ಜೀವ ವಿಮಾ ಪಾಲಿಸಿಯ ಹಕ್ಕನ್ನು ಸಾಲದ ಭದ್ರತೆಗಾಗಿ ಬ್ಯಾಂಕಿಗೆ ವರ್ಗಾಯಿಸಿ, ಅದನ್ನು ದಾಖಲಿಸಿಕೊಳ್ಳುವಂತೆ ವಿಮಾ ಸಂಸ್ಥೆಯನ್ನು ಕೋರುವ ಪತ್ರ ಬಂದಾಗ ಮಾತ್ರ ಪಾಠ ನಮೂನೆಯೊಂದನ್ನು ಹಲಗೆಯ ಮೇಲೆ ಬರೆಸುವುದಕ್ಕೆ ಸೀಮಿತವಾಗುತ್ತದೆ. ನಮೂನೆ ಸರಿಯಿದ್ದರೂ, ಅದರಲ್ಲಿನ ಒಂದೊಂದು ಸಾಲು ಏಕಿದೆ ಎಂಬುದು ತಿಳಿಯದೆ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಅದನ್ನೇ ಬಿಟ್ಟುಬಿಡುತ್ತಾನೆ. ಈ ಪತ್ರವನ್ನು ಅದರ ಕೆಲಸದಿಂದ ಆರಂಭಿಸಿ ಬೋಧಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವಜ್ಞಾನ: ಚಿನ್ನದ ಸಾಲ

ನಮ್ಮ ಭಾಗದ ಹಳ್ಳಿಗಳಲ್ಲಿ ಪಾಲಿಸಿ ಎನ್ನುವವರು ಕಡಿಮೆ, ‘ಎಲ್‌ಐಸಿ ಬಾಂಡ್’ ಎನ್ನುವವರೇ ಹೆಚ್ಚು. ‘ಬಾಂಡ್ ಅಡ ಇಟ್ಟು ಸಾಲ ತಂದ’ ಎಂಬ ಮಾತನ್ನು ವಿದ್ಯಾರ್ಥಿಗಳು ಕೇಳಿರುತ್ತಾರೆ. ಪಾಠವನ್ನು ಈ ಮಾತಿನಿಂದಲೇ ಆರಂಭಿಸಬಹುದು. ಬಳೆಯನ್ನು ಅಡವಿಟ್ಟಾಗ ಬ್ಯಾಂಕಿನ ಕೈಗೆ ಏನು ಬಂತು, ಬಾಂಡ್ ಕೊಟ್ಟಾಗ ಏನು ಬಂತು ಎಂದು ಕೇಳಬೇಕು.

ಬಳೆಯ ಬೆಲೆ ಬಳೆಯಲ್ಲೇ ಇದೆ. ಸಾಲ ತೀರದಿದ್ದರೆ ಬ್ಯಾಂಕ್ ಅದನ್ನು ಹರಾಜು ಹಾಕಬಹುದು. ಬಾಂಡ್ ಎಂಬುದು ಕಾಗದ. ಅದರ ಬೆಲೆ ಇರುವುದು ವಿಮಾ ಸಂಸ್ಥೆಯು ಮುಂದೆ ಹಣ ಕೊಡುತ್ತೇನೆಂದು ಮಾಡಿರುವ ಒಪ್ಪಂದದಲ್ಲಿ. ಕಾಗದವನ್ನು ಬ್ಯಾಂಕಿನ ಬೀರುವಿನಲ್ಲಿಟ್ಟ ಮಾತ್ರಕ್ಕೆ ವಿಮಾ ಸಂಸ್ಥೆಗೆ ಏನೂ ತಿಳಿಯುವುದಿಲ್ಲ. ಅದರ ಪುಸ್ತಕದಲ್ಲಿ ಪಾಲಿಸಿದಾರ ಮತ್ತು ನಾಮಿನಿಯ ಹೆಸರಷ್ಟೇ ಇರುತ್ತದೆ. ಆದ್ದರಿಂದ ಇಲ್ಲಿ ಕಾಗದ ಕೈ ಬದಲಿಸಿದರೆ ಸಾಲದು, ಹಣ ಕೇಳುವ ಹಕ್ಕೇ ಕೈ ಬದಲಿಸಬೇಕು. ಬ್ಯಾಂಕಿನವರು ಅಸೈನ್‌ಮೆಂಟ್ ಎನ್ನುವುದು ಇದನ್ನೇ. ನಮ್ಮ ತರಗತಿಗಳಲ್ಲಿ ಆ ಪದಕ್ಕೆ ಮನೆಗೆಲಸ ಎಂಬ ಅರ್ಥ ಬೇರೂರಿರುವುದರಿಂದ ‘ಹಕ್ಕು ವರ್ಗಾವಣೆ’ ಎಂಬ ಪದವನ್ನು ಮೊದಲೇ ಹಲಗೆಯ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಎರಡು ಬರಹ, ಎರಡು ಕೆಲಸ

1938ರ ವಿಮಾ ಕಾಯ್ದೆಯ 38ನೇ ಕಲಮು ಈ ವರ್ಗಾವಣೆಯ ಕ್ರಮವನ್ನು ಹೇಳುತ್ತದೆ. 2015ರ ತಿದ್ದುಪಡಿ ಕಾಯ್ದೆ ಅದನ್ನು ವಿಸ್ತರಿಸಿತು. ತರಗತಿಗೆ ಬೇಕಾದ ತಿರುಳು ಇಷ್ಟು: ಇಲ್ಲಿ ಎರಡು ಬರಹಗಳಿವೆ, ಎರಡರ ಕೆಲಸವೂ ಬೇರೆ.

ಮೊದಲನೆಯದು ಹಿಂಬರಹ. ಪಾಲಿಸಿದಾರನು ಪಾಲಿಸಿಯ ಮೇಲೆಯೇ ಅಥವಾ ಪ್ರತ್ಯೇಕ ಪತ್ರದಲ್ಲಿ ಹಕ್ಕನ್ನು ಬ್ಯಾಂಕಿಗೆ ಬಿಟ್ಟುಕೊಟ್ಟಿರುವುದಾಗಿ ಬರೆದು ಸಹಿ ಮಾಡಬೇಕು. ಕನಿಷ್ಠ ಒಬ್ಬ ಸಾಕ್ಷಿಯ ಸಹಿಯೂ ಬೇಕು. ವರ್ಗಾವಣೆಗೆ ಕಾರಣವೇನು, ಪಡೆಯುವವರು ಯಾರು, ಷರತ್ತುಗಳೇನು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಇದರಿಂದ ಪಾಲಿಸಿದಾರ ಮತ್ತು ಬ್ಯಾಂಕಿನ ನಡುವೆ ವರ್ಗಾವಣೆ ಪೂರ್ಣವಾಗುತ್ತದೆ.

ಎರಡನೆಯದು ನಮ್ಮ ಪಾಠದ ಪತ್ರ. ಅದು ವಿಮಾ ಸಂಸ್ಥೆಗೆ ಕೊಡುವ ಲಿಖಿತ ಸೂಚನೆ. ಈ ಸೂಚನೆಯೂ ಹಿಂಬರಹವಿರುವ ಪಾಲಿಸಿಯೂ ತಲುಪುವವರೆಗೆ ವರ್ಗಾವಣೆಯು ವಿಮಾ ಸಂಸ್ಥೆಯನ್ನು ಕಟ್ಟಿಹಾಕುವುದಿಲ್ಲ. ಪ್ರತ್ಯೇಕ ವರ್ಗಾವಣೆ ಪತ್ರವಾದರೆ ಮೂಲವನ್ನು, ಇಲ್ಲವೇ ಕೊಟ್ಟವರೂ ಪಡೆದವರೂ ಇಬ್ಬರೂ ದೃಢೀಕರಿಸಿದ ನಕಲನ್ನು ತಲುಪಿಸಬೇಕು. ಒಂದೇ ಪಾಲಿಸಿಯನ್ನು ಇಬ್ಬರಿಗೆ ವರ್ಗಾಯಿಸಿದ್ದರೆ ಯಾರ ಸೂಚನೆ ಮೊದಲು ತಲುಪಿತೋ ಅವರ ಹಕ್ಕು ಮೊದಲು. ಪತ್ರ ಬರೆದ ದಿನಾಂಕಕ್ಕಿಂತ ತಲುಪಿದ ದಿನಾಂಕವೇ ಇಲ್ಲಿ ಮುಖ್ಯ.

ಒಂದು ಪ್ರಕರಣ

ತರಗತಿಗಾಗಿ ಈ ಕಲ್ಪಿತ ಪ್ರಕರಣವನ್ನು ಬಳಸಬಹುದು. ಹರಿಹರ ತಾಲ್ಲೂಕಿನ ಸಾರಥಿ ಗ್ರಾಮದ ಭತ್ತದ ಬೆಳೆಗಾರರೊಬ್ಬರ ಬಳಿ 5,00,000 ರೂಪಾಯಿ ವಿಮಾ ಮೊತ್ತದ ಪಾಲಿಸಿಯಿದೆ. ಕಂತುಗಳು ಬಾಕಿಯಿಲ್ಲ. ಇಂದು ಪಾಲಿಸಿಯನ್ನು ಕೈಬಿಟ್ಟರೆ ಸಿಗುವ ಹಣ, ಅಂದರೆ ಸರೆಂಡರ್ ಮೌಲ್ಯ, 2,40,000 ರೂಪಾಯಿ. ನಾಮಿನಿ ಅವರ ಪತ್ನಿ. ಹರಿಹರದ ಬ್ಯಾಂಕ್ ಶಾಖೆಯೊಂದು 2,00,000 ರೂಪಾಯಿ ಸಾಲ ಕೊಡಲು ಒಪ್ಪಿದೆ. ಸಾಲದ ಮೊತ್ತ ಏಕೆ ವಿಮಾ ಮೊತ್ತಕ್ಕೆ ಸಮೀಪವಿಲ್ಲ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಸಾಲಗಾರರು ಬದುಕಿರುವಾಗಲೇ ಕಂತು ತಪ್ಪಿದರೆ ಬ್ಯಾಂಕಿಗೆ ಸಿಗುವುದು ಸರೆಂಡರ್ ಮೌಲ್ಯ ಮಾತ್ರ. ಅದಕ್ಕೇ ಸಾಲವು ಆ ಮೌಲ್ಯದ ಒಳಗೆ, ಬಡ್ಡಿಗೆ ಜಾಗ ಬಿಟ್ಟು ನಿಗದಿಯಾಗುತ್ತದೆ.

ಪಾಲಿಸಿಯ ಹಿಂಬರಹ ಹೀಗಿರಬಹುದು:

> ಈ ಪಾಲಿಸಿಯಡಿ ನನಗಿರುವ ಎಲ್ಲ ಹಕ್ಕು ಹಾಗೂ ಬರತಕ್ಕ ಹಣವನ್ನು, ನಾನು ಪಡೆಯುತ್ತಿರುವ ರೂ. 2,00,000 ಸಾಲದ ಭದ್ರತೆಗಾಗಿ ........ ಬ್ಯಾಂಕ್, ಹರಿಹರ ಶಾಖೆಗೆ ವರ್ಗಾಯಿಸಿದ್ದೇನೆ. ಸಾಲ ಮತ್ತು ಬಡ್ಡಿ ಪೂರ್ತಿ ತೀರಿದ ಮೇಲೆ ಬ್ಯಾಂಕ್ ಈ ಹಕ್ಕನ್ನು ನನಗೆ ಮರುವರ್ಗಾಯಿಸತಕ್ಕದ್ದು.
> ಸ್ಥಳ, ದಿನಾಂಕ, ಪಾಲಿಸಿದಾರರ ಸಹಿ
> ಸಾಕ್ಷಿಯ ಹೆಸರು, ವಿಳಾಸ, ಸಹಿ

ನಂತರ ಪತ್ರ:

> ಇಂದ: (ಪಾಲಿಸಿದಾರರ ಹೆಸರು), ಸಾರಥಿ ಗ್ರಾಮ, ಹರಿಹರ ತಾಲ್ಲೂಕು
> ಗೆ: ಶಾಖಾ ವ್ಯವಸ್ಥಾಪಕರು, (ಪಾಲಿಸಿಗೆ ಸೇವೆ ನೀಡುವ ಶಾಖೆ)
>
> ಮಾನ್ಯರೆ,
>
> ವಿಷಯ: ಪಾಲಿಸಿ ಸಂಖ್ಯೆ ........ ರ ಹಕ್ಕು ವರ್ಗಾವಣೆಯನ್ನು ದಾಖಲಿಸಿಕೊಳ್ಳುವ ಬಗ್ಗೆ
>
> ಮೇಲ್ಕಂಡ ಪಾಲಿಸಿಯ ಹಕ್ಕನ್ನು ........ ಬ್ಯಾಂಕ್, ಹರಿಹರ ಶಾಖೆಯಿಂದ ಪಡೆಯುತ್ತಿರುವ ರೂ. 2,00,000 ಸಾಲದ ಭದ್ರತೆಗಾಗಿ ದಿನಾಂಕ ........ ರಂದು ಪಾಲಿಸಿಯ ಹಿಂಬರಹದ ಮೂಲಕ ಸದರಿ ಬ್ಯಾಂಕಿಗೆ ವರ್ಗಾಯಿಸಿರುತ್ತೇನೆ. ಮೂಲ ಪಾಲಿಸಿಯನ್ನು ಲಗತ್ತಿಸಿದೆ.
>
> ಈ ವರ್ಗಾವಣೆಯನ್ನು ತಮ್ಮ ದಾಖಲೆಯಲ್ಲಿ ನಮೂದಿಸಿ, ಈ ಸೂಚನೆ ತಲುಪಿದ ದಿನಾಂಕವನ್ನು ತಿಳಿಸುವ ಲಿಖಿತ ಸ್ವೀಕೃತಿಯನ್ನು ನೀಡಬೇಕೆಂದು ಕೋರುತ್ತೇನೆ. ಅದಕ್ಕೆ ತಗಲುವ ಶುಲ್ಕವನ್ನು ಪಾವತಿಸುತ್ತೇನೆ. ನೋಂದಾಯಿತ ಪಾಲಿಸಿಯನ್ನು ಬ್ಯಾಂಕಿನ ಮೇಲ್ಕಂಡ ಶಾಖೆಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಕಂತುಗಳನ್ನು ನಾನೇ ಪಾವತಿಸುತ್ತೇನೆ.
>
> ತಮ್ಮ ವಿಶ್ವಾಸಿ,
> (ಸಹಿ)
> ಲಗತ್ತು: ಹಿಂಬರಹವಿರುವ ಮೂಲ ಪಾಲಿಸಿ
> ಪ್ರತಿ: ಶಾಖಾ ವ್ಯವಸ್ಥಾಪಕರು, ........ ಬ್ಯಾಂಕ್, ಹರಿಹರ

ವಿಮಾ ಸಂಸ್ಥೆಗಳಲ್ಲಿ ಇದಕ್ಕೆ ಮುದ್ರಿತ ನಮೂನೆಗಳೂ ಇರುತ್ತವೆ. ಪತ್ರದ ಅರ್ಥ ತಿಳಿದವರಿಗೆ ಅವುಗಳನ್ನು ತುಂಬುವುದು ಕಷ್ಟವಲ್ಲ.

ವಿದ್ಯಾರ್ಥಿಗಳು ಎಡವುವ ಮೂರು ಸಾಲುಗಳು

*‘ಗೆ’ ವಿಳಾಸ.* ಹಲವರು ವಿಮಾ ಸಂಸ್ಥೆಯ ಕೇಂದ್ರ ಕಚೇರಿಗೋ ಮನೆಗೆ ಹತ್ತಿರದ ಶಾಖೆಗೋ ಬರೆಯುತ್ತಾರೆ. ಕಾಯ್ದೆಯ ಪ್ರಕಾರ ಸೂಚನೆಯು ಪಾಲಿಸಿಗೆ ಸೇವೆ ನೀಡುವ ಶಾಖೆಗೇ ತಲುಪಬೇಕು. ಸಾರಥಿಯವರು ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾಗ ಪಾಲಿಸಿ ಮಾಡಿಸಿದ್ದರೆ ಅದರ ಸೇವಾ ಶಾಖೆ ಹರಿಹರದ್ದಾಗಿರಬೇಕೆಂದಿಲ್ಲ. ಊರಿನ ಏಜೆಂಟರ ಕೈಗೆ ಪತ್ರ ಕೊಟ್ಟರೆ ಶಾಖೆಗೆ ಸೂಚನೆ ತಲುಪಿದಂತೆ ಆಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

*ವರ್ಗಾವಣೆಯ ಬಗೆ.* ‘ಸಾಲ ತೀರಿಸಿದರೆ ಹಕ್ಕು ಮರಳುತ್ತದೆ, ಆದ್ದರಿಂದ ಇದು ಷರತ್ತುಬದ್ಧ ವರ್ಗಾವಣೆ’ ಎಂದು ಜಾಣ ವಿದ್ಯಾರ್ಥಿಗಳೇ ಬರೆಯುತ್ತಾರೆ. ವಿಮೆಯ ಪರಿಭಾಷೆಯಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಹಕ್ಕು ಪಡೆದವರು ವಿಮೆದಾರರಿಗಿಂತ ಮೊದಲು ತೀರಿಕೊಂಡರೆ, ಅಥವಾ ವಿಮೆದಾರರು ಅವಧಿ ಮುಗಿಯುವವರೆಗೆ ಬದುಕಿದ್ದರೆ, ಹಣ ಪಾಲಿಸಿದಾರರಿಗೋ ನಾಮಿನಿಗೋ ಹೋಗತಕ್ಕದ್ದು ಎಂದು ಬರೆದ ವರ್ಗಾವಣೆ ಷರತ್ತುಬದ್ಧವಾದದ್ದು. ಅಂಥ ಹಕ್ಕು ಪಡೆದವರು ಪಾಲಿಸಿಯನ್ನು ಸರೆಂಡರ್ ಮಾಡಲಾರರು. ಬ್ಯಾಂಕಿನ ಭದ್ರತೆ ನಿಂತಿರುವುದೇ ಸರೆಂಡರ್ ಮೌಲ್ಯದ ಮೇಲೆ. ಹಾಗಾಗಿ ಬ್ಯಾಂಕ್ ಪೂರ್ಣ ವರ್ಗಾವಣೆಯನ್ನೇ ಕೇಳುತ್ತದೆ, ಸಾಲ ತೀರಿದಾಗ ಮರುವರ್ಗಾವಣೆಯ ಹಿಂಬರಹ ಬರೆದುಕೊಡುತ್ತದೆ.

*ಕಾರಣದ ಸಾಲು.* ‘ಸಾಲದ ಭದ್ರತೆಗಾಗಿ’ ಎಂಬ ಮಾತನ್ನು ಬಿಟ್ಟರೂ ಪತ್ರ ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ ಮನೆಯವರ ಪಾಲಿಗೆ ಹೆಚ್ಚು ತೂಕದ ಮಾತು ಅದೇ. ಸಾಮಾನ್ಯವಾಗಿ ಪಾಲಿಸಿಯನ್ನು ವರ್ಗಾಯಿಸಿದರೆ ನಾಮನಿರ್ದೇಶನ ತಾನಾಗಿ ರದ್ದಾಗುತ್ತದೆ. ಹಳೆಯ ಪಠ್ಯಪುಸ್ತಕಗಳು ಇದನ್ನು ಎಲ್ಲ ವರ್ಗಾವಣೆಗೂ ಅನ್ವಯಿಸಿ ಬರೆದಿರುವುದನ್ನು ಕಾಣಬಹುದು. 2015ರ ತಿದ್ದುಪಡಿ ಕಾಯ್ದೆಯ ನಂತರ 39ನೇ ಕಲಮು ಬೇರೆ ಮಾತು ಹೇಳುತ್ತದೆ: ಹಕ್ಕು ಪಡೆದವರು ಕೊಟ್ಟ ಸಾಲಕ್ಕಾಗಿ ಮಾಡಿದ ವರ್ಗಾವಣೆಯಿಂದ ನಾಮನಿರ್ದೇಶನ ರದ್ದಾಗುವುದಿಲ್ಲ, ನಾಮಿನಿಯ ಹಕ್ಕು ಸಾಲದ ಬಾಕಿಯ ಮಟ್ಟಿಗೆ ಮಾತ್ರ ಕಡಿಮೆಯಾಗುತ್ತದೆ.

ನಮ್ಮ ಪ್ರಕರಣದಲ್ಲಿ ಪಾಲಿಸಿದಾರರು ತೀರಿಕೊಂಡಾಗ ಬಡ್ಡಿ ಸೇರಿ 1,40,000 ರೂಪಾಯಿ ಬಾಕಿಯಿದೆ ಎನ್ನಿ. ಬೋನಸ್ ಬಿಟ್ಟು 5,00,000 ರೂಪಾಯಿಯಲ್ಲಿ ಬ್ಯಾಂಕಿನ ಹಿತ 1,40,000. ಉಳಿದ 3,60,000 ರೂಪಾಯಿ ನಾಮಿನಿಯಾದ ಪತ್ನಿಗೆ ಸಲ್ಲಬೇಕು. ಹಲಗೆಯ ಮೇಲೆ ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಕಾರಣದ ಸಾಲನ್ನು ಅವರು ಮತ್ತೆ ಬಿಡುವುದಿಲ್ಲ.

ಇದೇ ಲೆಕ್ಕವನ್ನು ಇನ್ನೊಮ್ಮೆ, ಸೂಚನೆ ತಲುಪದೆ ಬ್ಯಾಂಕಿನಲ್ಲೇ ಉಳಿದಿತ್ತು ಎಂದುಕೊಂಡು ಮಾಡಿಸಬೇಕು. ವಿಮಾ ಸಂಸ್ಥೆಯ ದಾಖಲೆಯಲ್ಲಿ ಬ್ಯಾಂಕಿನ ಹೆಸರೇ ಇಲ್ಲ. ಅದು ನಾಮಿನಿಯನ್ನೇ ಹಣ ಪಡೆಯುವವರೆಂದು ಕಾಣುತ್ತದೆ. ಸಾಲವಂತೂ ತೀರಿಲ್ಲ. ಬ್ಯಾಂಕ್ ವಿಮಾ ಸಂಸ್ಥೆಯ ಬದಲು ಮನೆಯವರ ಹತ್ತಿರ ವಸೂಲಿಗೆ ಹೋಗಬೇಕಾಗುತ್ತದೆ. ಸ್ವೀಕೃತಿಯನ್ನು ಕೇಳುವ ಸಾಲಿನ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ: ಸೂಚನೆ ತಲುಪಿತೆಂಬುದಕ್ಕೆ ವಿಮಾ ಸಂಸ್ಥೆಯ ವಿರುದ್ಧ ಅದೇ ನಿರ್ಣಾಯಕ ಪುರಾವೆ. ವರ್ಗಾವಣೆಯನ್ನು ಒಪ್ಪದಿದ್ದರೆ ಸಂಸ್ಥೆಯು ಕಾರಣಗಳನ್ನು ಬರೆದಿಟ್ಟು 30 ದಿನಗಳೊಳಗೆ ಪಾಲಿಸಿದಾರರಿಗೆ ತಿಳಿಸಬೇಕು.

ಒಂದು ಮಿತಿಯನ್ನೂ ಹೇಳಿಬಿಡಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ ಮಾಡಿಸಿದ ಪಾಲಿಸಿ ಅವರ ಹೆಸರಿನ ನ್ಯಾಸದಂತೆ. ಅದನ್ನು ಗಂಡನು ತನ್ನ ಸಾಲಕ್ಕೆ ಹೀಗೆ ಭದ್ರತೆಯಾಗಿ ಕೊಡಲು ಬರುವುದಿಲ್ಲ.

ಮೌಲ್ಯಮಾಪನ

ಹತ್ತು ಅಂಕದ ಪ್ರಶ್ನೆಯಾದರೆ ಪತ್ರದ ಹೊರರೂಪಕ್ಕೆ ಮೂರು ಅಂಕ ಸಾಕು. ಉಳಿದ ಏಳನ್ನು ಹೀಗೆ ಹಂಚಬಹುದು: ಸೇವಾ ಶಾಖೆಯ ವಿಳಾಸ ಮತ್ತು ಪಾಲಿಸಿ ಸಂಖ್ಯೆಗೆ ಎರಡು, ಹಕ್ಕು ಪಡೆಯುವವರ ಹೆಸರು ಮತ್ತು ಕಾರಣಕ್ಕೆ ಎರಡು, ದಾಖಲೆ ಮತ್ತು ಸ್ವೀಕೃತಿಯ ಕೋರಿಕೆಗೆ ಎರಡು, ಲಗತ್ತಿಗೆ ಒಂದು. ಮುಂದಿನ ತರಗತಿಯ ಚಟುವಟಿಕೆಯಾಗಿ, ಇದೇ ಪ್ರಕರಣದಲ್ಲಿ ಸಾಲ ತೀರಿದೆ ಎಂದುಕೊಂಡು ಬ್ಯಾಂಕಿನ ಮರುವರ್ಗಾವಣೆಯ ಹಿಂಬರಹವನ್ನೂ ಅದನ್ನು ದಾಖಲಿಸಲು ಕೋರುವ ಪತ್ರವನ್ನೂ ಬರೆಸಬೇಕು. ಅಲ್ಲಿ ಹಕ್ಕು ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ತಿರುಗಿಸಿ ಬರೆಯಬಲ್ಲ ವಿದ್ಯಾರ್ಥಿಗೆ ಮೊದಲ ಪತ್ರವೂ ಅರ್ಥವಾಗಿದೆ.